ಕ್ಯಾಶ್ ಬುಕ್ ಒಂದು ಹೇಳುತ್ತೆ, ಪಾಸ್‌ಬುಕ್ ಇನ್ನೊಂದು: ಕಿರಾಣಿ ಅಂಗಡಿಗೆ ಬ್ಯಾಂಕ್ ಹೊಂದಾಣಿಕೆ ಪಟ್ಟಿ

ಕಲಬುರಗಿಯ ನೆಹರು ಗಂಜ್ ಕಡೆಯ ಒಂದು ಕಿರಾಣಿ ಅಂಗಡಿ ಅಂದುಕೊಳ್ಳಿ. ಬೇಳೆ, ಎಣ್ಣೆ, ಸಕ್ಕರೆ, ಜೋಳದ ವ್ಯಾಪಾರ. 2026ರ ಜನವರಿ 31ರ ರಾತ್ರಿ ಕ್ಯಾಶ್ ಬುಕ್ಕಿನ ಬ್ಯಾಂಕ್ ಕಾಲಮ್ಮಿನಲ್ಲಿ ಶಿಲ್ಕು 84,650 ರೂಪಾಯಿ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದರೆ ಅದೇ ದಿನದ ಶಿಲ್ಕು 1,04,740.30. ವ್ಯತ್ಯಾಸ 20,090.30.

ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗ ಹೇಳುವುದು ಹೀಗೆ: "ಮಾವ, ಪಾಸ್‌ಬುಕ್ಕಿನ್ಯಾಗ ಇಪ್ಪತ್ತು ಸಾವಿರ ಜಾಸ್ತಿ ಅದ. ಯಾರೋ ರೊಕ್ಕ ಹಾಕ್ಯಾರ, ನಾವು ಬರಕೊಂಡಿಲ್ಲ." ಆಮೇಲೆ ಇಬ್ಬರೂ ಕೂತು 20,090 ರೂಪಾಯಿಯ ಒಂದು ಎಂಟ್ರಿಗಾಗಿ ಪುಟ ತಿರುಗಿಸುತ್ತಾರೆ. ಅಂಥ ಎಂಟ್ರಿ ಎಲ್ಲೂ ಇರುವುದಿಲ್ಲ. ಯಾಕೆಂದರೆ ಈ ಮೊತ್ತ ಒಂದೇ ಕಾರಣದಿಂದ ಬಂದದ್ದಲ್ಲ. ಕೆಲವು ಎಂಟ್ರಿಗಳು ಪಾಸ್‌ಬುಕ್ಕನ್ನು ಮೇಲೆ ಎಳೆದಿವೆ, ಕೆಲವು ಕೆಳಗೆ ಎಳೆದಿವೆ, ಕೊನೆಗೆ ಉಳಿದದ್ದು 20,090.30. ಅದಕ್ಕೇ ಒಟ್ಟು ವ್ಯತ್ಯಾಸದ ಬೆನ್ನು ಹತ್ತಬಾರದು. ಸಾಲು ಸಾಲಾಗಿ ಟಿಕ್ ಹಾಕುತ್ತಾ ಹೋಗಬೇಕು. ಕೊನೆಗೆ ಎರಡು ಶಿಲ್ಕು ಯಾಕೆ ಬೇರೆ ಅಂತ ತೋರಿಸಿ ಬರೆಯುವುದೇ ಬ್ಯಾಂಕ್ ಹೊಂದಾಣಿಕೆ ಪಟ್ಟಿ.

ಒಂದು ಸುಳಿವನ್ನು ಮಾತ್ರ ಮೊದಲೇ ಗಮನಿಸಿ. ಕ್ಯಾಶ್ ಬುಕ್ಕಿನಲ್ಲಿ ಪೈಸೆ ಇಲ್ಲ, ಪಾಸ್‌ಬುಕ್ಕಿನಲ್ಲಿ 30 ಪೈಸೆ ಇದೆ. ರೂಪಾಯಿ ಲೆಕ್ಕದಲ್ಲೇ ವ್ಯಾಪಾರ ಮಾಡುವ ಅಂಗಡಿಯ ಖಾತೆಗೆ ಪೈಸೆ ಬರುವುದು ಸಾಮಾನ್ಯವಾಗಿ ಬ್ಯಾಂಕಿನ ಚಾರ್ಜಿನಿಂದ. ಚಾರ್ಜಿನ ಮೇಲೆ 18% ಜಿಎಸ್‌ಟಿ ಬೀಳುತ್ತದಲ್ಲ, ಪೈಸೆ ಹುಟ್ಟುವುದು ಅಲ್ಲಿ. ಅಂದರೆ ನಾವು ಬರೆದುಕೊಳ್ಳದ ಚಾರ್ಜು ಒಂದಾದರೂ ಇದೆ ಅಂತ ಪುಸ್ತಕ ತೆರೆಯುವ ಮೊದಲೇ ಗೊತ್ತಾಯಿತು.

ಕೂರುವ ಮೊದಲು

ಮೂರು ಕಾಗದ ಬೇಕು. ಜನವರಿಯ ಕ್ಯಾಶ್ ಬುಕ್, ಜನವರಿ 1ರಿಂದ 31ರವರೆಗಿನ ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್, ಮತ್ತು ಡಿಸೆಂಬರಿನಲ್ಲಿ ಮಾಡಿದ ಹೊಂದಾಣಿಕೆ ಪಟ್ಟಿ. ಮೂರನೆಯದನ್ನು ಜನ ಮರೆಯುತ್ತಾರೆ. ಅದಿಲ್ಲದಿದ್ದರೆ ಅರ್ಧ ಗೊಂದಲ ಅಲ್ಲೇ ಶುರು.

ಪಾಸ್‌ಬುಕ್ಕಿಗೆ ತಿಂಗಳುಗಟ್ಟಲೆ ಎಂಟ್ರಿ ಹಾಕಿಸದೆ ಬಿಟ್ಟರೆ ಕೆಲವು ಬ್ಯಾಂಕುಗಳ ಮಷೀನು ಹಳೆಯ ಎಂಟ್ರಿಗಳನ್ನೆಲ್ಲ ಕೂಡಿಸಿ ಒಂದೇ ಸಾಲಿನಲ್ಲಿ ಒತ್ತಿಬಿಡುತ್ತದೆ. ಅಂಥ ಸಾಲಿಗೆ ಟಿಕ್ ಹಾಕಲು ಆಗುವುದಿಲ್ಲ. ಆಗ ನೆಟ್ ಬ್ಯಾಂಕಿಂಗಿನಿಂದ ಅಥವಾ ಶಾಖೆಯಿಂದ ಆ ತಿಂಗಳ ಪೂರ್ತಿ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ.

ಇನ್ನೊಂದು ವಿಷಯ. ಕ್ಯಾಶ್ ಬುಕ್ಕಿನ ಎಡಗಡೆ, ಅಂದರೆ ಡೆಬಿಟ್ ಕಡೆ, ಬ್ಯಾಂಕಿಗೆ ಹೋದ ಹಣ. ಅದೇ ಹಣ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಕಾಲಮ್ಮಿನಲ್ಲಿ ಕಾಣುತ್ತದೆ. ಬ್ಯಾಂಕು ಬರೆಯುವುದು ತನ್ನ ಲೆಕ್ಕ. ನಮ್ಮ ಹಣ ಅದಕ್ಕೆ ಸಾಲ, ಹಾಗಾಗಿ ಕ್ರೆಡಿಟ್. ಆದ್ದರಿಂದ ನಮ್ಮ ಡೆಬಿಟ್ಟನ್ನು ಅದರ ಕ್ರೆಡಿಟ್ಟಿಗೆ, ನಮ್ಮ ಕ್ರೆಡಿಟ್ಟನ್ನು ಅದರ ಡೆಬಿಟ್ಟಿಗೆ ಹೋಲಿಸಬೇಕು. ಇಷ್ಟು ನೆನಪಿದ್ದರೆ ಸಾಕು.

ಮೊದಲು ಹಳೆಯ ಪಟ್ಟಿ ತೀರಿಸಿ

ನಮ್ಮ ಅಂಗಡಿಯ ಡಿಸೆಂಬರ್ ಪಟ್ಟಿಯಲ್ಲಿ ಎರಡು ಬಾಕಿ ಇದ್ದವು. ಎಣ್ಣೆ ವ್ಯಾಪಾರಿಗೆ ಕೊಟ್ಟ 7,000 ರೂಪಾಯಿ ಚೆಕ್ಕು ಆಗ ಪಾಸಾಗಿರಲಿಲ್ಲ. ಡಿಸೆಂಬರ್ 31ರ ಕ್ಯೂಆರ್ ವ್ಯಾಪಾರ 5,940 ಖಾತೆಗೆ ಬಂದಿರಲಿಲ್ಲ. ಜನವರಿಯ ಪಾಸ್‌ಬುಕ್ಕಿನಲ್ಲಿ 1ನೇ ತಾರೀಕು 5,940 ಜಮೆಯಾಗಿದೆ, 3ಕ್ಕೆ ಚೆಕ್ಕು ಪಾಸಾಗಿದೆ. ಎರಡೂ ಕಡೆ ಕೆಂಪು ಪೆನ್ನಿನಲ್ಲಿ ಟಿಕ್.

ಇದನ್ನು ಮೊದಲು ಮಾಡದಿದ್ದರೆ ಏನಾಗುತ್ತದೆ ಗೊತ್ತಾ? ಪಾಸ್‌ಬುಕ್ಕಿನ ಈ ಎರಡು ಸಾಲುಗಳಿಗೆ ಜನವರಿಯ ಕ್ಯಾಶ್ ಬುಕ್ಕಿನಲ್ಲಿ ಜೋಡಿ ಸಿಗುವುದಿಲ್ಲ. ಬರೆಯುವವರು ಮರೆತಿದ್ದೇವೆ ಅಂದುಕೊಂಡು ಇನ್ನೊಮ್ಮೆ ಬರೆದುಬಿಡುತ್ತಾರೆ. ಒಂದೇ ಚೆಕ್ಕು ಎರಡು ಸಲ ಖರ್ಚಾಗುತ್ತದೆ.

ಟಿಕ್ ಹಾಕುವ ಕೆಲಸ

ಕ್ಯಾಶ್ ಬುಕ್ಕಿನ ಬ್ಯಾಂಕ್ ಕಾಲಮ್ಮಿನ ಮೊದಲ ಸಾಲಿನಿಂದ ಶುರು ಮಾಡಿ. ಪ್ರತಿ ಮೊತ್ತಕ್ಕೂ ಪಾಸ್‌ಬುಕ್ಕಿನಲ್ಲಿ ಜೋಡಿ ಹುಡುಕಿ, ಸಿಕ್ಕರೆ ಎರಡೂ ಕಡೆ ಟಿಕ್. ಚೆಕ್ಕಾದರೆ ನಂಬರ್ ನೋಡಿ ಹೋಲಿಸಿ, ಬರೀ ಮೊತ್ತ ನೋಡಬೇಡಿ. ಒಂದೇ ಮೊತ್ತದ ಎರಡು ಚೆಕ್ಕು ಗಂಜ್ ವ್ಯಾಪಾರದಲ್ಲಿ ಅಪರೂಪವೇನಲ್ಲ. ತಾರೀಕು ಒಂದೆರಡು ದಿನ ಹಿಂದೆ ಮುಂದೆ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕ್ಯೂಆರ್ ವಿಷಯದಲ್ಲಿ ಸ್ವಲ್ಪ ನಿಧಾನ ಬೇಕು. ಕೆಲವು ಅಂಗಡಿಗಳಲ್ಲಿ ಗಿರಾಕಿ ಸ್ಕ್ಯಾನ್ ಮಾಡಿದ ಪ್ರತಿ ಹಣ ನೇರ ಬ್ಯಾಂಕ್ ಖಾತೆಗೆ ಬೇರೆ ಬೇರೆ ಸಾಲಾಗಿ ಬೀಳುತ್ತದೆ. ಕೆಲವು ಕಡೆ ಆ್ಯಪಿನ ಕಂಪನಿ ದಿನದ ಒಟ್ಟು ಮೊತ್ತವನ್ನು ಮರುದಿನ ಒಂದೇ ಸಾಲಾಗಿ ಹಾಕುತ್ತದೆ. ನಮ್ಮ ಅಂಗಡಿಯದು ಎರಡನೆಯ ಥರ. ಕ್ಯಾಶ್ ಬುಕ್ಕಿನಲ್ಲೂ ದಿನಕ್ಕೆ ಒಂದೇ ಸಾಲು ಬರೆದರೆ ಒಂದಕ್ಕೊಂದು ಜೋಡಿ ಸಿಗುತ್ತದೆ. ಗಿರಾಕಿಗೊಂದು ಸಾಲು ಬರೆಯುತ್ತಾ ಕೂತರೆ ತಿಂಗಳ ಕೊನೆಗೆ ನೀವೇ ಬೇಸರ ಪಡುತ್ತೀರಿ.

ಜೋಡಿ ಹುಡುಕುವಾಗ ಜನವರಿ 4ರ ಸಾಲಿನಲ್ಲಿ ಪೆನ್ನು ನಿಲ್ಲುತ್ತದೆ. ಕ್ಯಾಶ್ ಬುಕ್ಕಿನಲ್ಲಿ ಕ್ಯೂಆರ್ ವ್ಯಾಪಾರ 7,240. ಪಾಸ್‌ಬುಕ್ಕಿನಲ್ಲಿ 5ನೇ ತಾರೀಕು ಬಂದಿರುವುದು 7,115. ಕಮ್ಮಿ 125. ಗಿರಾಕಿಯ ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ ಅಂಗಡಿಯವರಿಂದ ಎಂಡಿಆರ್ ಅನ್ನುವ ಕಮಿಷನ್ ಹಿಡಿಯುವಂತಿಲ್ಲ, 2020ರಿಂದ ಅದು ಸೊನ್ನೆ. ಹಾಗಾದರೆ ಈ 125 ಎಲ್ಲಿ ಹೋಯಿತು? ಆ್ಯಪಿನಲ್ಲಿ ಆ ದಿನದ ಸೆಟಲ್‌ಮೆಂಟ್ ವಿವರ ತೆರೆದು ನೋಡಿದರೆ ಗೊತ್ತಾಗುತ್ತದೆ. ಗಲ್ಲಾ ಮೇಲೆ "ಇಷ್ಟು ರೂಪಾಯಿ ಬಂದಿದೆ" ಅಂತ ಕೂಗುವ ಡಬ್ಬಿ ಇದೆಯಲ್ಲ, ಅದರ ತಿಂಗಳ ಬಾಡಿಗೆ. ಬೇರೆ ಸಾಲಾಗಿ ಕಾಣಿಸದೆ ವ್ಯಾಪಾರದ ಹಣದಲ್ಲೇ ಮುರಿದುಕೊಂಡಿದ್ದಾರೆ. ಇಲ್ಲಿ ವ್ಯಾಪಾರವನ್ನು 7,115 ಅಂತ ತಿದ್ದಬಾರದು. ವ್ಯಾಪಾರ 7,240 ಆದದ್ದು ನಿಜ. 125 ಬೇರೆ ಖರ್ಚು.

ಟಿಕ್ ಎಲ್ಲ ಮುಗಿದ ಮೇಲೆ ಎರಡೂ ಪುಸ್ತಕದಲ್ಲಿ ಟಿಕ್ ಇಲ್ಲದ ಸಾಲುಗಳು ಉಳಿಯುತ್ತವೆ. ವ್ಯತ್ಯಾಸ ಅಡಗಿರುವುದು ಅವುಗಳಲ್ಲೇ. ಈಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದನ್ನು ನಾನು ನನ್ನ ಪುಸ್ತಕದಲ್ಲಿ ಬರೆಯಬೇಕಾ, ಅಥವಾ ಬ್ಯಾಂಕಿನಲ್ಲಿ ತಾನಾಗಿ ಬರುವವರೆಗೆ ಕಾಯಬೇಕಾ?

ಪಾಸ್‌ಬುಕ್ಕಿನಲ್ಲಿ ಇದೆ, ನಮ್ಮಲ್ಲಿ ಇಲ್ಲ

ಪಾಸ್‌ಬುಕ್ಕಿನಲ್ಲಿ ಟಿಕ್ ಇಲ್ಲದೆ ಉಳಿದವು ಹೆಚ್ಚಾಗಿ ನಾವು ಬರೆಯಲೇಬೇಕಾದವು. ವಿವರದ ಕಾಲಮ್ಮಿನ ಇಂಗ್ಲಿಷ್ ಅಕ್ಷರಗಳನ್ನು ಓದಲು ಕಲಿತರೆ ಕೆಲಸ ಸುಲಭ. ಕ್ರೆಡಿಟ್ ಕಾಲಮ್ಮಿನ ಸಾಲಿಗೆ NEFT, IMPS ಅಂತ ಇದ್ದರೆ ಯಾರೋ ನೇರ ಹಣ ಕಳಿಸಿದ್ದಾರೆ. RTN ಅಥವಾ RETURN ಅಂತ ಕಂಡರೆ ಚೆಕ್ಕು ವಾಪಸ್ ಬಂದಿದೆ. ACH, NACH ಅಂದರೆ ಆಟೋ ಡೆಬಿಟ್. CHG, CHRG ಅಂದರೆ ಚಾರ್ಜು. ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಲ್ಪ ಬೇರೆ ಇರುತ್ತದೆ, ಆದರೆ ತಿಳಿಯದಷ್ಟು ಅಲ್ಲ.

ನಮ್ಮ ಅಂಗಡಿಗೆ ಸಿಕ್ಕವು ಇವು. ಆಳಂದದ ಒಬ್ಬ ಚಿಲ್ಲರೆ ವ್ಯಾಪಾರಿ ಹಳೆಯ ಉದ್ರಿ 9,300 ರೂಪಾಯಿಯನ್ನು ನೇರ ಖಾತೆಗೆ ಹಾಕಿ, ಹೇಳುವುದನ್ನು ಮರೆತಿದ್ದಾನೆ. ಇದನ್ನು ಕ್ಯಾಶ್ ಬುಕ್ಕಿನ ಡೆಬಿಟ್ ಕಡೆ ಬರೆದು ಅವನ ಖಾತೆಗೆ ಜಮಾ ಮಾಡಬೇಕು. ಇಲ್ಲದಿದ್ದರೆ ಮುಂದಿನ ಸಲ ಅವನು ಮಾಲಿಗೆ ಬಂದಾಗ ಹಳೇ ಬಾಕಿ ಕೇಳುತ್ತೀರಿ, ಅವನು "ಕೊಟ್ಟೇನಲ್ರಿ ಕಾಕಾ" ಅನ್ನುತ್ತಾನೆ, ಇಬ್ಬರ ಮುಖವೂ ಸಣ್ಣದಾಗುತ್ತದೆ.

ಜೆಸ್ಕಾಂ ಕರೆಂಟ್ ಬಿಲ್ 2,340 ಆಟೋ ಡೆಬಿಟ್ ಆಗಿದೆ. ಎಸ್‌ಎಂಎಸ್ ಚಾರ್ಜು 17.70 ಕಟ್ಟಾಗಿದೆ, ಅಂದರೆ 15 ರೂಪಾಯಿ ಮತ್ತು ಅದರ ಮೇಲೆ 2.70 ಜಿಎಸ್‌ಟಿ. ಮೊದಲು ನೋಡಿದ 30 ಪೈಸೆ ಹುಟ್ಟಿದ್ದು ಇಲ್ಲೇ. ರೂಪಾಯಿ ಲೆಕ್ಕದಿಂದ 70 ಪೈಸೆ ಹೋದರೆ 30 ಪೈಸೆ ಉಳಿಯುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ವಾಪಸ್ ಬಂದ ಚೆಕ್ಕು. ಒಬ್ಬ ಗಿರಾಕಿ ಕೊಟ್ಟ 5,600ರ ಚೆಕ್ಕನ್ನು 20ನೇ ತಾರೀಕು ಬ್ಯಾಂಕಿಗೆ ಹಾಕಿದ್ದರು. ಪಾಸ್‌ಬುಕ್ಕಿನಲ್ಲಿ ಅದು ಒಮ್ಮೆ ಜಮೆಯಾಗಿ, 22ಕ್ಕೆ ಮತ್ತೆ ಕಳೆದಿದೆ. ಜೊತೆಗೆ 177 ರೂಪಾಯಿ ಚಾರ್ಜು, 150 ಮತ್ತು ಜಿಎಸ್‌ಟಿ 27. ಜಮೆಯ ಸಾಲಿಗೆ ಕ್ಯಾಶ್ ಬುಕ್ಕಿನಲ್ಲಿ ಜೋಡಿ ಸಿಕ್ಕಿ ಟಿಕ್ ಬಿದ್ದಿತ್ತು. ಹಾಗಾಗಿ ಮೇಲಿಂದ ಮೇಲೆ ನೋಡಿದವರಿಗೆ ಎಲ್ಲ ಸರಿ ಅನ್ನಿಸುತ್ತದೆ. ಕಳೆದ ಸಾಲು ಟಿಕ್ ಇಲ್ಲದೆ ಉಳಿದದ್ದರಿಂದಲೇ ವಿಷಯ ಹೊರಬಂತು.

ಇದನ್ನು ಬರೆಯುವುದು ಹೀಗೆ. ಕ್ಯಾಶ್ ಬುಕ್ಕಿನ ಕ್ರೆಡಿಟ್ ಕಡೆ 5,600, ಆ ಗಿರಾಕಿಯ ಖಾತೆಗೆ ಮತ್ತೆ ಬಾಕಿ ಏರಿಸಿ. 177ನ್ನು ಬ್ಯಾಂಕ್ ಖರ್ಚು ಅಂತ ಬರೆಯಿರಿ. ಗಿರಾಕಿಯಿಂದಲೇ ವಸೂಲು ಮಾಡುವುದಾದರೆ ಅದನ್ನೂ ಅವನ ಖಾತೆಗೇ ಏರಿಸಿ. ಹಣ ಕೊಡದೆ ಸತಾಯಿಸುವ ಗಿರಾಕಿಯಾದರೆ ದಿನ ಎಣಿಸುವುದು ಇಲ್ಲಿ ಮುಖ್ಯ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಕೇಸು ಹಾಕಬೇಕಾದರೆ, ಚೆಕ್ಕು ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಮಾಡುವವರಿಗೆ ಈ ಗಡುವು ಕೈ ತಪ್ಪಿರುತ್ತದೆ.

ನಮ್ಮಲ್ಲಿ ಇದೆ, ಪಾಸ್‌ಬುಕ್ಕಿನಲ್ಲಿ ಇಲ್ಲ

ಕ್ಯಾಶ್ ಬುಕ್ಕಿನಲ್ಲಿ ಟಿಕ್ ಇಲ್ಲದೆ ಉಳಿದವು ಹೆಚ್ಚಾಗಿ ಕಾಯಬೇಕಾದವು. ತೊಗರಿ ಬೇಳೆಗೆ ದಾಲ್ ಮಿಲ್ಲಿನವರಿಗೆ 29ರಂದು ಕೊಟ್ಟ 38,500ರ ಚೆಕ್ಕು. ಅವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಒಂದು ಖಾನಾವಳಿಯವರು ತಿಂಗಳ ಸಾಮಾನಿಗೆ ಕೊಟ್ಟ 12,400ರ ಚೆಕ್ಕನ್ನು 31ರ ಶನಿವಾರ ಸಂಜೆ ಬ್ಯಾಂಕಿನ ಡ್ರಾಪ್ ಬಾಕ್ಸಿಗೆ ಹಾಕಲಾಗಿದೆ. ಅದು ಸೋಮವಾರ ಕ್ಲಿಯರಿಂಗಿಗೆ ಹೋಗುತ್ತದೆ. 31ರ ಕ್ಯೂಆರ್ ವ್ಯಾಪಾರ 6,870 ಮರುದಿನ ಬರುತ್ತದೆ.

ಈ ಮೂರಕ್ಕೆ ಕ್ಯಾಶ್ ಬುಕ್ಕಿನಲ್ಲಿ ಏನೂ ಮಾಡಬಾರದು. ನಮ್ಮ ಪುಸ್ತಕ ಸರಿಯಾಗಿಯೇ ಇದೆ, ಬ್ಯಾಂಕಿನ ಪುಸ್ತಕ ಸ್ವಲ್ಪ ಹಿಂದಿದೆ ಅಷ್ಟೇ. ಇವು ಹೋಗಬೇಕಾದದ್ದು ಹೊಂದಾಣಿಕೆ ಪಟ್ಟಿಗೆ.

ಆದರೆ ಕಾಯುವುದಕ್ಕೂ ಮಿತಿ ಇದೆ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳ ಕ್ಲಿಯರಿಂಗ್ ದಿನವಿಡೀ ನಡೆಯುವ ಹೊಸ ಪದ್ಧತಿ ಬಂದಿದೆ. ಹೊತ್ತಿಗೆ ಸರಿಯಾಗಿ ಕೊಟ್ಟ ಚೆಕ್ಕಿನ ತೀರ್ಮಾನ ಈಗ ಸಾಮಾನ್ಯವಾಗಿ ಅದೇ ದಿನ ಆಗುತ್ತದೆ. ಹಾಗಾಗಿ ನೀವು ಹಾಕಿದ ಚೆಕ್ಕು ವಾರ ಕಳೆದರೂ ಜಮೆಯಾಗಿಲ್ಲ ಅಂದರೆ "ಬರುತ್ತೆ ಬಿಡಿ" ಅಂತ ಸುಮ್ನೆ ಕೂರಬೇಡಿ. ಚಲನ್ ಕೌಂಟರ್‌ಫಾಯಿಲ್ ಹಿಡಿದು ಶಾಖೆಗೆ ಹೋಗಿ.

ಇಷ್ಟಾದರೂ 180 ಉಳಿಯಿತು

ಈಗ ಲೆಕ್ಕ ಹಾಕಿ ನೋಡೋಣ. ಕ್ಯಾಶ್ ಬುಕ್ಕಿನ 84,650ಕ್ಕೆ ಆಳಂದದ 9,300 ಕೂಡಿಸಿ. ವಾಪಸ್ ಚೆಕ್ಕು 5,600, ಅದರ ಚಾರ್ಜು 177, ಡಬ್ಬಿ ಬಾಡಿಗೆ 125, ಕರೆಂಟ್ ಬಿಲ್ 2,340, ಎಸ್‌ಎಂಎಸ್ 17.70 ಕಳೆಯಿರಿ. ಬರುವುದು 85,690.30.

ಇನ್ನೊಂದು ಕಡೆಯಿಂದ ಬನ್ನಿ. ಪಾಸ್‌ಬುಕ್ಕಿನ 1,04,740.30ರಿಂದ ದಾಲ್ ಮಿಲ್ಲಿನ 38,500 ಕಳೆದು, ಬರಬೇಕಾದ 12,400 ಮತ್ತು 6,870 ಕೂಡಿಸಿದರೆ 85,510.30. ಎರಡೂ ಒಂದೇ ಆಗಬೇಕಿತ್ತು. 180 ರೂಪಾಯಿ ತಾಳೆ ಆಗಲಿಲ್ಲ.

ಇಲ್ಲಿ ಬಹಳ ಜನ "ಸಂಡ್ರಿ" ಅಂತ 180 ಬರೆದು ಪುಸ್ತಕ ಮುಚ್ಚುತ್ತಾರೆ. ಬೇಡ. ಉಳಿದ ಮೊತ್ತವೇ ತಪ್ಪು ಎಲ್ಲಿದೆ ಅಂತ ಹೇಳುತ್ತದೆ. ಮೊದಲು ಆ ಮೊತ್ತದ್ದೇ ಎಂಟ್ರಿ ಎಲ್ಲಾದರೂ ಬಿಟ್ಟಿದೆಯಾ ನೋಡಿ. ಆಮೇಲೆ ಅದರ ಅರ್ಧ, ಅಂದರೆ 90ರ ಎಂಟ್ರಿ ನೋಡಿ. ಡೆಬಿಟ್ಟಿಗೆ ಬರೆಯಬೇಕಾದದ್ದನ್ನು ಕ್ರೆಡಿಟ್ಟಿಗೆ ಬರೆದರೆ ವ್ಯತ್ಯಾಸ ಎರಡರಷ್ಟು ಬರುತ್ತದೆ. ಎರಡೂ ಇಲ್ಲದಿದ್ದರೆ 9ರಿಂದ ಭಾಗಿಸಿ. ಶೇಷ ಇಲ್ಲದೆ ಹೋದರೆ ಅಂಕಿ ಅದಲುಬದಲಾಗಿರುವ ಗುಮಾನಿ ಇದೆ.

180 ಭಾಗಿಸು 9 ಅಂದರೆ 20, ಶೇಷ ಇಲ್ಲ. ಇನ್ನೂ ಹತ್ತಿರ ಹೋಗಬಹುದು. ನೂರರ ಸ್ಥಾನದ ಅಂಕಿ ಮತ್ತು ಹತ್ತರ ಸ್ಥಾನದ ಅಂಕಿ ಜಾಗ ಬದಲಿಸಿದರೆ ವ್ಯತ್ಯಾಸ ಯಾವಾಗಲೂ 90ರ ಗುಣಕ. 180 ಅಂದರೆ 90ರ ಎರಡರಷ್ಟು. ಹಾಗಾಗಿ ಪಕ್ಕಪಕ್ಕದ ಆ ಎರಡು ಅಂಕಿಗಳ ನಡುವೆ ಅಂತರ 2 ಇರುವ ಮೊತ್ತ ಹುಡುಕಬೇಕು. ಕ್ಯಾಶ್ ಬುಕ್ಕಿನಲ್ಲಿ ಲಾರಿ ಬಾಡಿಗೆಗೆ ಕೊಟ್ಟ ಚೆಕ್ಕು 4,350 ಅಂತಿದೆ. ಮೂರು, ಐದು. ಪಾಸ್‌ಬುಕ್ಕಿನಲ್ಲಿ ಅದೇ ನಂಬರಿನ ಚೆಕ್ಕು 4,530. ಟಿಕ್ ಹಾಕುವಾಗ ಕಣ್ಣು ಎರಡನ್ನೂ ಒಂದೇ ಅಂತ ಓದಿಬಿಟ್ಟಿತ್ತು. ಚೆಕ್ ಬುಕ್ಕಿನ ಕೌಂಟರ್‌ಫಾಯಿಲ್ ತೆಗೆದು ನೋಡಿದರೆ 4,530 ಅಂತಲೇ ಇದೆ. ಹಾಗಾಗಿ ತಪ್ಪು ನಮ್ಮ ಪುಸ್ತಕದ್ದು, ಇನ್ನೂ 180 ಖರ್ಚು ಬರೆಯಬೇಕು.

9ರ ಲೆಕ್ಕಕ್ಕೆ ಒಂದು ಮಿತಿ ಇದೆ. ಅದು ಒಂದೇ ತಪ್ಪು ಉಳಿದಿರುವಾಗ ಮಾತ್ರ ದಾರಿ ತೋರಿಸುತ್ತದೆ. ಮೊದಲೇ 20,090.30ನ್ನು 9ರಿಂದ ಭಾಗಿಸಿದ್ದರೆ ಏನೂ ಸಿಗುತ್ತಿರಲಿಲ್ಲ. ಜೊತೆಗೆ ಕಾಕತಾಳೀಯವಾಗಿಯೂ 9ಕ್ಕೆ ಭಾಗವಾಗುವ ಮೊತ್ತ ಬರಬಹುದು, ಆದ್ದರಿಂದ ಕೌಂಟರ್‌ಫಾಯಿಲ್ ನೋಡದೆ ಏನನ್ನೂ ತಿದ್ದಬೇಡಿ.

ಪಟ್ಟಿ ಬರೆಯುವುದು

ಮೊದಲು ಕ್ಯಾಶ್ ಬುಕ್ ತಿದ್ದಿ. ಹಳೆಯ ಅಂಕಿಯ ಮೇಲೆ ಅಂಕಿ ಬರೆಯಬೇಡಿ, ವೈಟ್ನರ್ ಅಂತೂ ಮುಟ್ಟಲೇಬೇಡಿ. ಜನವರಿ 31ರ ಕೆಳಗೆ ಒಂದೊಂದನ್ನೂ ಹೊಸ ಸಾಲಾಗಿ ಬರೆದು, ಪಕ್ಕದಲ್ಲಿ ಕಾರಣ ಮತ್ತು ಪಾಸ್‌ಬುಕ್ ತಾರೀಕು ಹಾಕಿ. ತಿದ್ದಿದ ಶಿಲ್ಕು 85,510.30 ಆಗುತ್ತದೆ. ಅದರಿಂದ ಪಟ್ಟಿ ಶುರು.

| 2026ರ ಜನವರಿ 31ಕ್ಕೆ ಹೊಂದಾಣಿಕೆ ಪಟ್ಟಿ | ರೂ. |
|---|---|
| ತಿದ್ದಿದ ಕ್ಯಾಶ್ ಬುಕ್ ಶಿಲ್ಕು | 85,510.30 |
| ಕೂಡಿಸಿ: ಕೊಟ್ಟರೂ ಪಾಸಾಗದ ಚೆಕ್ಕು (ದಾಲ್ ಮಿಲ್, ಜ. 29) | 38,500.00 |
| ಕಳೆಯಿರಿ: ಹಾಕಿದರೂ ಜಮೆಯಾಗದ ಚೆಕ್ಕು (ಖಾನಾವಳಿ, ಜ. 31) | 12,400.00 |
| ಕಳೆಯಿರಿ: ಬರಬೇಕಾದ ಕ್ಯೂಆರ್ ಹಣ (ಜ. 31) | 6,870.00 |
| ಪಾಸ್‌ಬುಕ್ ಶಿಲ್ಕು | 1,04,740.30 |

ಕೂಡಿಸುವುದಾ ಕಳೆಯುವುದಾ ಅನ್ನುವ ಗೊಂದಲ ಬಂದರೆ ಸೂತ್ರ ನೆನಪಿಸಿಕೊಳ್ಳಬೇಡಿ. ಈ ಎಂಟ್ರಿಯಿಂದ ಪಾಸ್‌ಬುಕ್ಕಿನ ಶಿಲ್ಕು ನಮ್ಮದಕ್ಕಿಂತ ಜಾಸ್ತಿ ಕಾಣುತ್ತಿದೆಯಾ ಕಮ್ಮಿ ಕಾಣುತ್ತಿದೆಯಾ ಅಂತ ಕೇಳಿಕೊಳ್ಳಿ. ದಾಲ್ ಮಿಲ್ಲಿನ ಹಣವನ್ನು ಬ್ಯಾಂಕು ಇನ್ನೂ ಕಳೆದಿಲ್ಲ, ಹಾಗಾಗಿ ಅಲ್ಲಿ ಜಾಸ್ತಿ, ಕೂಡಿಸಿ. ಖಾನಾವಳಿ ಚೆಕ್ಕನ್ನು ಇನ್ನೂ ಸೇರಿಸಿಲ್ಲ, ಅಲ್ಲಿ ಕಮ್ಮಿ, ಕಳೆಯಿರಿ.

ಟ್ಯಾಲಿ ಬಳಸುವವರು ಇದೇ ಕೆಲಸವನ್ನು Banking ಒಳಗಿನ Bank Reconciliation ಪರದೆಯಲ್ಲಿ ಮಾಡುತ್ತಾರೆ. ಟಿಕ್ ಬದಲು ಪ್ರತಿ ಸಾಲಿನ ಮುಂದೆ Bank Date ಹಾಕುವುದು. ತಾರೀಕು ಖಾಲಿ ಉಳಿದವೇ ಬಾಕಿ. ಅಂಕಿ ತಪ್ಪು ಹೊಡೆದಿದ್ದರೆ ಮಾತ್ರ ಅಲ್ಲೂ ಕಣ್ಣೇ ಗತಿ.

ಈ ಪಟ್ಟಿಯಿಂದ ಮಾಲೀಕರಿಗೆ ತಕ್ಷಣ ತಿಳಿಯಬೇಕಾದದ್ದು ಒಂದಿದೆ. ಪಾಸ್‌ಬುಕ್ಕಿನಲ್ಲಿ 1,04,740 ಇದೆ ಅಂತ ಸಕ್ಕರೆ ವ್ಯಾಪಾರಿಗೆ 90,000ದ ಚೆಕ್ಕು ಬರೆದುಕೊಟ್ಟರೆ, ದಾಲ್ ಮಿಲ್ಲಿನ ಚೆಕ್ಕು ಬಂದಾಗ ಎರಡರಲ್ಲಿ ಒಂದು ವಾಪಸ್ ಹೋಗುತ್ತದೆ. 38,500 ಆಗಲೇ ಅವರದ್ದು. ಖಾನಾವಳಿ ಚೆಕ್ಕು ಪಾಸಾಗಿ ಕ್ಯೂಆರ್ ಹಣ ಬರುವವರೆಗೆ ಧೈರ್ಯವಾಗಿ ಮುಟ್ಟಬಹುದಾದದ್ದು 66,240 ಮಾತ್ರ.

ತಾಳೆಯಾಗದೆ ಹಟ ಹಿಡಿದರೆ

ಅಂಗಡಿಯಲ್ಲಿ ಎರಡು ಕ್ಯೂಆರ್ ಇದ್ದರೆ ಮೊದಲು ಅಲ್ಲಿ ನೋಡಿ. ನೆಟ್‌ವರ್ಕ್ ಇಲ್ಲದಾಗ ಮಗನ ಫೋನಿಗೆ ಹಣ ಹಾಕಿಸಿಕೊಂಡು, ಕ್ಯಾಶ್ ಬುಕ್ಕಿನಲ್ಲಿ ಬ್ಯಾಂಕ್ ಅಂತ ಬರೆಯುವುದು ಬಹಳ ಕಡೆ ಇದೆ. ಆ ಹಣ ಅಂಗಡಿ ಖಾತೆಗೆ ಯಾವತ್ತೂ ಬರುವುದಿಲ್ಲ. ಅದನ್ನು "ಬರಬೇಕಾದದ್ದು" ಅಂತ ತಿಂಗಳಿಂದ ತಿಂಗಳಿಗೆ ತಳ್ಳುತ್ತಾ ಹೋಗಬೇಡಿ. ಮಗನಿಂದ ವರ್ಗ ಮಾಡಿಸಿಕೊಳ್ಳಿ, ಇಲ್ಲವೇ ಮನೆಖರ್ಚಿಗೆ ತೆಗೆದದ್ದು ಅಂತ ಬರೆಯಿರಿ.

ಯಾರದ್ದೋ ಎಂಟ್ರಿ ನಿಮ್ಮ ಖಾತೆಗೆ ಬಿದ್ದಿದೆ ಅನ್ನಿಸಿದರೆ ಕ್ಯಾಶ್ ಬುಕ್ಕಿನಲ್ಲಿ ಬರೆಯಬೇಡಿ. ಪಟ್ಟಿಯಲ್ಲಿ ಬೇರೆ ಸಾಲಾಗಿ ತೋರಿಸಿ, ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಣ ಜಾಸ್ತಿ ಬಂದಿದ್ದರೂ ಅಷ್ಟೇ, ಖರ್ಚು ಮಾಡಬೇಡಿ.

ಸಿಸಿ ಅಥವಾ ಓವರ್‌ಡ್ರಾಫ್ಟ್ ಖಾತೆ ಇರುವ ಗಂಜ್ ವ್ಯಾಪಾರಿಗಳು ಶಿಲ್ಕಿನ ಮುಂದೆ ಮೈನಸ್ ಗುರುತು ಹಾಕಿಕೊಂಡು ಇದೇ ಲೆಕ್ಕ ಮಾಡಬಹುದು. ಕೂಡಿಸು ಕಳೆ ಬದಲಾಗುವುದಿಲ್ಲ. ಮೈನಸ್ 50,000ಕ್ಕೆ ಪಾಸಾಗದ ಚೆಕ್ಕು 10,000 ಕೂಡಿಸಿದರೆ ಮೈನಸ್ 40,000, ಪಾಸ್‌ಬುಕ್ಕೂ ಅದನ್ನೇ ತೋರಿಸುತ್ತದೆ. ಗುರುತು ಬಿಟ್ಟು ಮಾಡಿದರೆ ಎಲ್ಲ ತಲೆಕೆಳಗು.

ಫೆಬ್ರವರಿ ಮೊದಲ ವಾರದಲ್ಲಿ ಮೂರು ಬಾಕಿಗಳನ್ನು ಮಾತ್ರ ನೋಡಿ. ಕ್ಯೂಆರ್ ಹಣ ಮತ್ತು ಖಾನಾವಳಿ ಚೆಕ್ಕು ಆಗಲೇ ಬಂದಿರಬೇಕು. ದಾಲ್ ಮಿಲ್ಲಿನ ಚೆಕ್ಕು ಇನ್ನೂ ಬಾರದಿದ್ದರೆ ಅವರಿಗೆ ಒಂದು ಫೋನ್ ಮಾಡಿ, ಕಳೆದುಹೋಗಿರಲೂಬಹುದು. ಚೆಕ್ಕಿಗೆ ಜೀವ ಇರುವುದು ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳು. ಏಪ್ರಿಲ್ ಕೊನೆಗೂ ಅದು ಪಟ್ಟಿಯಲ್ಲೇ ಕೂತಿದ್ದರೆ, 38,500ನ್ನು ಕ್ಯಾಶ್ ಬುಕ್ಕಿನ ಡೆಬಿಟ್ ಕಡೆ ವಾಪಸ್ ಬರೆದು ದಾಲ್ ಮಿಲ್ಲಿನ ಖಾತೆಗೆ ಮತ್ತೆ ಜಮಾ ಮಾಡಿ. ಅವರಿಗೆ ಕೊಡಬೇಕಾದ ಬಾಕಿ ಹಾಗೇ ಇರುತ್ತದೆ. ಹೊಸ ಚೆಕ್ಕು ಕೊಡುವಾಗ ಹಳೆಯದನ್ನು ಕೈಗೆ ವಾಪಸ್ ಪಡೆಯಿರಿ.